ಎರಡು ಖಾತೆ, ಒಬ್ಬನೇ ಎಲ್ಲಪ್ಪ

ಬೀಜ ಗೊಬ್ಬರ ಮಾರುವ ಅಂಗಡಿಯಲ್ಲಿ ಮುಂಗಾರು ಶುರುವಾದರೆ ಉದ್ರಿ ಬಿಲ್ಲುಗಳಿಗೆ ಬಿಡುವಿಲ್ಲ. ಜನ ಸಾಲುಗಟ್ಟಿ ನಿಂತಿರುವಾಗ ಕಂಪ್ಯೂಟರಿನಲ್ಲಿ ಹಳೆಯ ಖಾತೆ ಹುಡುಕುವುದಕ್ಕಿಂತ ಹೊಸದನ್ನು ತೆರೆಯುವುದು ಬೇಗ ಆಗುತ್ತದೆ. ಹೀಗೆ ಒಬ್ಬ ರೈತನಿಗೆ ಎರಡು ಖಾತೆಗಳಾಗುತ್ತವೆ: ಒಂದರಲ್ಲಿ ಅವನು ಬಾಕಿದಾರ, ಇನ್ನೊಂದರಲ್ಲಿ ಅವನದೇ ಮುಂಗಡ ಜಮೆ. ಬಾಕಿ ಕೇಳಲು ಹೋದಾಗ ಜಗಳ ಹುಟ್ಟುವುದು ಇಲ್ಲಿಂದಲೇ.

ಇಂಥ ಜೋಡಿಗಳನ್ನು ಹುಡುಕುವಾಗ ಮೊದಲು ನೋಡಬೇಕಾದ್ದು ಮೊಬೈಲ್ ಸಂಖ್ಯೆ. ಮುಂದಿನ +91, ಸೊನ್ನೆ, ನಡುವಿನ ಖಾಲಿ ಜಾಗ ಎಲ್ಲವನ್ನೂ ತೆಗೆದು ಕೊನೆಯ ಹತ್ತು ಅಂಕಿಗಳನ್ನಷ್ಟೇ ಹೋಲಿಸಿದರೆ ಅನೇಕ ಜೋಡಿಗಳು ತಾವಾಗಿಯೇ ಮೇಲೆ ಬರುತ್ತವೆ. ಹೆಸರಿನದು ಕಷ್ಟದ ಕೆಲಸ. ಅಮೆರಿಕದ ರಾಬರ್ಟ್ ರಸೆಲ್ 1918ರಲ್ಲಿ ಪೇಟೆಂಟ್ ಪಡೆದ ಸೌಂಡೆಕ್ಸ್ ಎಂಬ ವಿಧಾನ ಇಂದಿಗೂ ಬಳಕೆಯಲ್ಲಿದೆ. ಅದು ಹೆಸರಿನ ಮೊದಲ ಅಕ್ಷರವನ್ನು ಉಳಿಸಿಕೊಂಡು, ಸ್ವರಗಳನ್ನು ಬಿಟ್ಟು, ಹತ್ತಿರದ ಉಚ್ಚಾರದ ವ್ಯಂಜನಗಳಿಗೆ ಒಂದೇ ಅಂಕಿ ಕೊಡುತ್ತದೆ. Lakshmi, Laxmi ಎರಡಕ್ಕೂ L250 ಬರುತ್ತದೆ. Gowda, Gouda ಎರಡಕ್ಕೂ G300. ಆದರೆ Yellappa ಎಂದು ಬರೆದರೆ Y410, Ellappa ಎಂದು ಬರೆದರೆ E410. ಮೊದಲ ಅಕ್ಷರ ಬೇರೆಯಾದ ಕೂಡಲೇ ಜೋಡಿ ತಪ್ಪಿಹೋಯಿತು.

ಇದಕ್ಕಿಂತ ಅಪಾಯದ್ದು ಇದರ ತಿರುವುಮುರುವು. Basappa, Basavva ಎರಡಕ್ಕೂ ಬರುವ ಸಂಕೇತ B210. ಗಂಡಹೆಂಡತಿ ಒಂದೇ ಮೊಬೈಲ್ ಸಂಖ್ಯೆ ಕೊಟ್ಟಿದ್ದರಂತೂ ಯಂತ್ರದ ಕಣ್ಣಿಗೆ ಇಬ್ಬರೂ ಒಬ್ಬರೇ. ಬಸವ್ವನ ಹೆಸರಿನ ಜಮೀನಿಗೆ ತಂದ ಗೊಬ್ಬರದ ಸಾಲ ಬಸಪ್ಪನ ತಲೆಗೆ ಬೀಳುತ್ತದೆ. ಆದ್ದರಿಂದ ಯಂತ್ರ ಅನುಮಾನವನ್ನಷ್ಟೇ ಮುಂದಿಡಬೇಕು. ಹೌದು ಅನ್ನಬೇಕಾದವರು ಊರು, ತಂದೆಯ ಹೆಸರು ನೋಡಿ ಗುರುತು ಹಿಡಿಯಬಲ್ಲ ಅಂಗಡಿಯವರು. ಅನುಮಾನ ಉಳಿದರೆ ಬೇರೆಯಾಗಿಯೇ ಬಿಡುವುದು ಒಳ್ಳೆಯದು.

ಇನ್ನು ಸೇರಿಸುವ ಕೆಲಸ. ಉದಾಹರಣೆಗೆ, ಎಲ್ಲಪ್ಪನ 214ನೇ ಖಾತೆಯಲ್ಲಿ ಹಿಂದಿನ ವರ್ಷದ ಬಾಕಿ 6,000 ರೂಪಾಯಿ, ಈ ವರ್ಷದ ಬಿಲ್ಲು 16,700, ಕಟ್ಟಿದ್ದು 10,000 ಇದೆ ಅನ್ನಿ. ಬಾಕಿ 12,700. ಅವನದೇ 873ನೇ ಖಾತೆಯಲ್ಲಿ 4,800ರ ಬಿಲ್ಲಿಗೆ 8,000 ಕಟ್ಟಿದ್ದಾನೆ. 3,200 ಮುಂಗಡ ಉಳಿದಿದೆ. ನಿಜವಾಗಿ ಅವನು ಕೊಡಬೇಕಾದ್ದು 9,500.

873ನ್ನು ಅಳಿಸಿಬಿಟ್ಟರೆ ಎಲ್ಲಪ್ಪನ ಮುಂಗಡ ಮುಳುಗುತ್ತದೆ. 3,200ನ್ನು ಕೈಯಿಂದ 214ಕ್ಕೆ ಜಮೆ ಬರೆದು, ಆಮೇಲೆ ಬಿಲ್ಲು ರಸೀದಿಗಳನ್ನೂ ಅಲ್ಲಿಗೆ ತಂದರೆ ಅದೇ ಹಣ ಎರಡು ಸಲ ಕಳೆದುಹೋಗಿ ಬಾಕಿ 6,300 ಎಂದು ತೋರುತ್ತದೆ. ಅಂಗಡಿಗೆ ನಷ್ಟ. ಸರಿಯಾದ ದಾರಿ ಒಂದೇ: ಬಾಕಿಯನ್ನು ಮುಟ್ಟಬಾರದು. ಪ್ರತಿ ಬಿಲ್ಲು, ರಸೀದಿ, ವಾಪಸು ಚೀಟಿಯ ಮೇಲಿರುವ ಖಾತೆ ಸಂಖ್ಯೆಯನ್ನು 873ರಿಂದ 214ಕ್ಕೆ ಬದಲಿಸಿ, ಬಾಕಿಯನ್ನು ಮೊದಲಿನಿಂದ ಲೆಕ್ಕ ಹಾಕಿಸಬೇಕು. 6,000ಕ್ಕೆ 21,500 ಕೂಡಿ 18,000 ಕಳೆದರೆ 9,500 ಸರಿಯಾಗಿ ಬರುತ್ತದೆ.

ಇಲ್ಲಿ ಹಿಂದಿನ ವರ್ಷದ ಬಾಕಿಯ ಮೇಲೆ ವಿಶೇಷವಾಗಿ ಕಣ್ಣಿಡಬೇಕು. ಎಷ್ಟೋ ತಂತ್ರಾಂಶಗಳಲ್ಲಿ ಅದಕ್ಕೆ ಬಿಲ್ಲೇ ಇರುವುದಿಲ್ಲ. ಗ್ರಾಹಕನ ವಿವರದ ಪುಟದಲ್ಲಿ ಒಂದು ಅಂಕಿಯಾಗಿ ಕೂತಿರುತ್ತದೆ. 873ನ್ನು ಉಳಿಸಿಕೊಂಡು 214ನ್ನು ಮುಚ್ಚಿದ್ದರೆ ಬಿಲ್ಲುಗಳೆಲ್ಲ ಬಂದರೂ ಆ 6,000 ಹಿಂದೆಯೇ ಉಳಿದು, ಬಾಕಿ 3,500ಕ್ಕೆ ಇಳಿಯುತ್ತಿತ್ತು.

ತಾಳೆ ನೋಡುವುದು ಕಷ್ಟವಲ್ಲ. ಕೆಲಸಕ್ಕೆ ಮುಂಚೆ ಬ್ಯಾಕಪ್ ತೆಗೆದು, ಇಡೀ ಅಂಗಡಿಯ ಬಿಲ್ಲುಗಳ ಸಂಖ್ಯೆ, ಬಾಕಿಗಳ ಮೊತ್ತ, ಮುಂಗಡಗಳ ಮೊತ್ತ ಬರೆದಿಡಬೇಕು. ಆಮೇಲೆ ಬಿಲ್ಲುಗಳ ಸಂಖ್ಯೆ ಒಂದೂ ಬದಲಾಗಿರಬಾರದು. ಬಾಕಿ, ಮುಂಗಡ ಎರಡೂ 3,200ರಷ್ಟು ಇಳಿದಿರುತ್ತವೆ, ಅವುಗಳ ವ್ಯತ್ಯಾಸ ಮಾತ್ರ ಮೊದಲಿನಷ್ಟೇ ಇರಬೇಕು. ಬಾಕಿಗೆ ಬಡ್ಡಿ ಹಾಕುವ ಅಂಗಡಿಯಾದರೆ ಆ ಮುಂಗಡವನ್ನು ಯಾವ ಬಿಲ್ಲಿಗೆ ವಜಾ ಮಾಡಬೇಕೆಂದು ಎಲ್ಲಪ್ಪನನ್ನೇ ಕೇಳಿಕೊಳ್ಳಬೇಕು. ಹಳೆಯ ಬಿಲ್ಲಿಗೋ ಹೊಸದಕ್ಕೋ ಎಂಬುದರ ಮೇಲೆ ಬಡ್ಡಿ ಬದಲಾಗುತ್ತದೆ. ಉದ್ರಿ ಮಿತಿಗಳನ್ನು ಕೂಡಿಸಬಾರದು. ಎರಡು ಖಾತೆಯಲ್ಲೂ 20,000 ಇದ್ದರೆ ಅವನಿಗೆ 40,000 ಸಾಲ ಕೊಡಲು ಯಾರೂ ಒಪ್ಪಿರಲಿಲ್ಲ.

873ನ್ನು ಅಳಿಸದೆ, ಹೊಸ ಬಿಲ್ಲು ಬೀಳದಂತೆ ನಿಲ್ಲಿಸಿ, ‘214 ನೋಡಿ’ ಎಂದು ಗುರುತು ಹಾಕಿದರೆ ಸಾಕು. ಎಲ್ಲಪ್ಪ ಹಳೆಯ ಬಿಲ್ಲು ಹಿಡಿದು ಬೀಜದ ಪೊಟ್ಟಣ ವಾಪಸು ಮಾಡಲು ಬಂದರೂ ಹುಡುಕಿದ ಕೂಡಲೇ ಸಿಗುತ್ತದೆ. ಜೊತೆಗೆ ಯಾವ ಬಿಲ್ಲು ಮೊದಲು ಯಾವ ಖಾತೆಯಲ್ಲಿತ್ತು, ಯಾರು ಯಾವತ್ತು ಬದಲಿಸಿದರು ಎಂಬ ಪಟ್ಟಿ ಇರಬೇಕು. ಸೇರಿಸಿದ ಇಬ್ಬರು ಬೇರೆಬೇರೆಯವರೆಂದು ಸುಗ್ಗಿಯಲ್ಲಿ ಹಣ ಕಟ್ಟಲು ಬಂದಾಗ ತಿಳಿದರೆ, ಖಾತೆಗಳನ್ನು ಮತ್ತೆ ಬಿಡಿಸಲು ಅದೊಂದೇ ಆಧಾರ.