ಹಗುರ ವಾರದ ಲೆಕ್ಕಾಚಾರ

ವರ್ಷಗಟ್ಟಲೆ ತಪ್ಪದೆ ಭಾರ ಎತ್ತುವವರ ಅಭ್ಯಾಸದಲ್ಲಿ ಎರಡು ಬಗೆಯ ಬಿಡುವುಗಳಿರುತ್ತವೆ. ಮೊದಲನೆಯದು, ವಾರದಲ್ಲಿ ಎರಡು ಮೂರು ದಿನ ಜಿಮ್‌ನತ್ತ ಸುಳಿಯದೆ ಇರುವ ವಿಶ್ರಾಂತಿ ದಿನ. ಎರಡನೆಯದು, ಕೆಲವು ವಾರಗಳಿಗೊಮ್ಮೆ ಜಿಮ್‌ಗೆ ಹೋಗಿಯೂ ಬೇಕೆಂದೇ ಕೆಲಸವನ್ನು ಅರ್ಧಕ್ಕೆ ಇಳಿಸುವ ಹಗುರ ವಾರ, ಅಂದರೆ ವ್ಯಾಯಾಮಪಟುಗಳು ‘ಡೀಲೋಡ್’ ಎಂದು ಕರೆಯುವ ವಾರ. ಎರಡನ್ನೂ ವಿಶ್ರಾಂತಿ ಎಂಬ ಒಂದೇ ಮಾತಿನಲ್ಲಿ ಮುಗಿಸುವುದು ರೂಢಿಯಾಗಿದ್ದರೂ ದೇಹದೊಳಗೆ ಅವುಗಳ ಕೆಲಸ ಬೇರೆ ಬೇರೆ. ವಿಶ್ರಾಂತಿ ದಿನದಲ್ಲಿ ಸ್ನಾಯು ಬೆಳೆಯುತ್ತದೆ. ಹಗುರ ವಾರದಲ್ಲಾದರೋ ಹೊಸ ಬೆಳವಣಿಗೆ ಹೆಚ್ಚೇನೂ ಆಗದೆ, ಈಗಾಗಲೇ ಗಳಿಸಿದ ಬಲವನ್ನು ಮರೆಮಾಡಿದ್ದ ದಣಿವು ಕರಗುತ್ತದೆ.

ಸ್ನಾಯುವಿನ ಪ್ರೋಟೀನಿನ ಒಂದಂಶ ಸದಾ ಒಡೆಯುತ್ತಿರುತ್ತದೆ, ಅದೇ ಹೊತ್ತಿಗೆ ಹೊಸ ಪ್ರೋಟೀನು ತಯಾರಾಗುತ್ತಲೂ ಇರುತ್ತದೆ. ಈ ತಯಾರಿಕೆ ಒಡೆತವನ್ನು ಮೀರಿದ ದಿನಗಳು ಹೆಚ್ಚಾದಾಗ ಸ್ನಾಯು ದಪ್ಪವಾಗುತ್ತದೆ. ಕೆನಡಾದ ಮ್ಯಾಕ್‌ಮಾಸ್ಟರ್ ವಿಶ್ವವಿದ್ಯಾಲಯದ ಮ್ಯಾಕ್‌ಡೂಗಲ್ ಮತ್ತು ಸಂಗಡಿಗರು 1995ರಲ್ಲಿ ಪ್ರಕಟಿಸಿದ ಪ್ರಯೋಗವೊಂದರಲ್ಲಿ, ಅಭ್ಯಾಸವಿದ್ದ ಯುವಕರ ಒಂದು ತೋಳಿಗೆ ಮಾತ್ರ ಕಠಿಣ ವ್ಯಾಯಾಮ ಮಾಡಿಸಿ, ಇನ್ನೊಂದು ತೋಳನ್ನು ಹೋಲಿಕೆಗೆ ಹಾಗೆಯೇ ಬಿಟ್ಟು, ಎರಡರ ಸ್ನಾಯುವಿನಲ್ಲೂ ಪ್ರೋಟೀನು ತಯಾರಾಗುವ ವೇಗವನ್ನು ಅಳೆಯಲಾಯಿತು. ವ್ಯಾಯಾಮವಾದ 4 ಗಂಟೆಗೆ ಆ ವೇಗ ಸುಮಾರು ಒಂದೂವರೆ ಪಟ್ಟು ಏರಿತ್ತು, 24 ಗಂಟೆಗೆ ಎರಡು ಪಟ್ಟು ದಾಟಿತ್ತು, 36 ಗಂಟೆಯ ಹೊತ್ತಿಗೆ ಹೆಚ್ಚುಕಡಿಮೆ ಮೊದಲಿನ ಮಟ್ಟಕ್ಕೆ ಮರಳಿತ್ತು. ಅಂದರೆ ಸೋಮವಾರ ಸಂಜೆ ಎತ್ತಿದ ಭಾರಕ್ಕೆ ದೇಹ ಕೊಡುವ ಉತ್ತರ ಮಂಗಳವಾರ ಸಂಜೆ ತುತ್ತತುದಿ ಮುಟ್ಟುತ್ತದೆ. ಜಿಮ್ ಕಡೆ ತಲೆಯೂ ಹಾಕದ ಆ ಮಂಗಳವಾರವೇ ಬೆಳವಣಿಗೆಯ ದಿನ. ಆ ದಿನ ಊಟದಲ್ಲಿ ಪ್ರೋಟೀನು ಕಡಿಮೆಯಾದರೆ ಅಥವಾ ನಿದ್ದೆ ಕೆಟ್ಟರೆ ನಷ್ಟವಾಗುವುದು ಹಿಂದಿನ ದಿನದ ಶ್ರಮಕ್ಕೆ.

ಇದರಿಂದ ಹೊರಡುವ ಒಂದು ಮಾತು ನಮ್ಮ ಜಿಮ್‌ಗಳ ರೂಢಿಗೆ ಅಷ್ಟಾಗಿ ಒಗ್ಗುವುದಿಲ್ಲ. ಸೋಮವಾರ ಎದೆ, ಮಂಗಳವಾರ ಬೆನ್ನು, ಬುಧವಾರ ಭುಜ ಎಂದು ದೇಹವನ್ನು ವಾರಕ್ಕೆ ಹಂಚಿಕೊಂಡು ಭಾನುವಾರ ಮಾತ್ರ ಬಿಡುವು ಪಡೆಯುವವರಲ್ಲಿ ಒಂದೊಂದು ಸ್ನಾಯುವಿಗೂ ವಾಸ್ತವದಲ್ಲಿ ಆರು ದಿನಗಳ ವಿರಾಮ ಸಿಕ್ಕಿರುತ್ತದೆ, ಅದರಲ್ಲಿ ನಾಲ್ಕು ದಿನ ಸ್ನಾಯು ಸುಮ್ಮನಿರುತ್ತದೆ. ಒಂದು ಸ್ನಾಯುವಿಗೆ ಎರಡು ಕಠಿಣ ದಿನಗಳ ನಡುವೆ ಸುಮಾರು 48 ಗಂಟೆಗಳ ಅಂತರವಿದ್ದರೆ ಸಾಮಾನ್ಯವಾಗಿ ಸಾಕು. ಆದ್ದರಿಂದ ವಿಶ್ರಾಂತಿ ದಿನವನ್ನು ಕ್ಯಾಲೆಂಡರಿನ ಮೇಲೆ ಎಣಿಸುವುದಕ್ಕಿಂತ ಸ್ನಾಯುವಿನ ಲೆಕ್ಕದಲ್ಲಿ ಎಣಿಸುವುದು ಸರಿ.

ಸ್ನಾಯುವನ್ನು ಮೂಳೆಗೆ ಕಟ್ಟುವ ಸ್ನಾಯುರಜ್ಜುವಿನ ಕಾಲಮಾನ ಮಾತ್ರ ಬೇರೆ. ಕೊಲಾಜನ್ ಎಂಬ ನಾರಿನಂಥ ಪ್ರೋಟೀನಿನಿಂದಾದ ಈ ರಜ್ಜುವಿನಲ್ಲಿ ವ್ಯಾಯಾಮದ ಬಳಿಕ ಒಡೆತವೂ ತಯಾರಿಕೆಯೂ ಒಟ್ಟಿಗೆ ಏರುತ್ತವೆ. ಡೆನ್ಮಾರ್ಕಿನ ಸಂಶೋಧಕರಾದ ಮ್ಯಾಗ್ನುಸನ್, ಲಾಂಗ್‌ಬರ್ಗ್ ಮತ್ತು ಕ್ಯೇರ್ 2010ರಲ್ಲಿ ವಿವರಿಸಿದಂತೆ, ಮೊದಲ 24ರಿಂದ 36 ಗಂಟೆಗಳಲ್ಲಿ ಒಡೆತದ ಕೈ ಮೇಲಾಗಿದ್ದು, ಅದಾದ ಮೇಲಷ್ಟೇ ಲೆಕ್ಕ ಲಾಭದ ಕಡೆಗೆ ತಿರುಗಿ 72 ಗಂಟೆಗಳವರೆಗೂ ಹಾಗೆಯೇ ಇರುತ್ತದೆ. ದಿನವೂ ಮೊಣಕೈಗೆ ಅಥವಾ ಮಂಡಿಗೆ ಭಾರ ಹೇರುವವನ ರಜ್ಜು ಲಾಭದ ಹಂತವನ್ನು ಮುಟ್ಟುವ ಮೊದಲೇ ಮತ್ತೆ ಒಡೆತಕ್ಕೆ ಜಾರುತ್ತದೆ. ಸ್ನಾಯು ಹುರುಪಿನಿಂದಿದ್ದರೂ ಮಂಡಿಚಿಪ್ಪಿನ ಕೆಳಗೆ ಬೆಳಗಿನ ಹೊತ್ತು ಬಿಗಿತ ಕಾಣಿಸಿಕೊಳ್ಳುವುದು, ಮೊದಲ ಸೆಟ್‌ನಲ್ಲಿ ನೋವಿದ್ದು ಮೈ ಬಿಸಿಯಾದಂತೆ ಮಾಯವಾಗುವುದು ಇದರ ಮೊದಲ ಕುರುಹುಗಳು. ಮೈ ಬಿಸಿಯಾದ ಮೇಲೆ ನೋವು ಹೋಗುತ್ತದೆ ಎಂಬ ಸಮಾಧಾನವೇ ಅನೇಕರನ್ನು ದಾರಿ ತಪ್ಪಿಸಿದೆ.

ವಿಶ್ರಾಂತಿ ದಿನಗಳು ಕ್ರಮವಾಗಿ ಸಿಗುತ್ತಿದ್ದರೆ ಹಗುರ ವಾರ ಏಕೆ ಬೇಕು ಎಂಬ ಪ್ರಶ್ನೆಗೆ ಉತ್ತರ ಸ್ನಾಯುವಿನ ಜೀವರಸಾಯನಕ್ಕಿಂತ ಹೆಚ್ಚಾಗಿ ಒಂದು ಸರಳ ಗಣಿತದಲ್ಲಿದೆ. ಎರಿಕ್ ಬ್ಯಾನಿಸ್ಟರ್ ಮತ್ತು ಸಂಗಡಿಗರು 1975ರಲ್ಲಿ ಈಜುಗಾರನೊಬ್ಬನ ತರಬೇತಿಯನ್ನು ಆಧರಿಸಿ ರೂಪಿಸಿದ ಮಾದರಿಯ ಪ್ರಕಾರ, ಪ್ರತಿಯೊಂದು ವ್ಯಾಯಾಮವೂ ದೇಹದಲ್ಲಿ ಎರಡು ಪರಿಣಾಮಗಳನ್ನು ಏಕಕಾಲಕ್ಕೆ ಬಿಡುತ್ತದೆ: ಸಾಮರ್ಥ್ಯ ಹಾಗೂ ದಣಿವು. ಮೊದಲನೆಯದು ನಿಧಾನವಾಗಿ ಕ್ಷಯಿಸುತ್ತದೆ, ಎರಡನೆಯದು ಬೇಗ ಕ್ಷಯಿಸುತ್ತದೆ. ಒಂದು ದಿನ ಕಣ್ಣಿಗೆ ಕಾಣುವ ಬಲವೆಂದರೆ ಮೊದಲನೆಯದರಿಂದ ಎರಡನೆಯದನ್ನು ಕಳೆದಾಗ ಉಳಿಯುವ ಶೇಷ. ಈ ಮಾದರಿಯಲ್ಲಿ ಸಾಮರ್ಥ್ಯಕ್ಕೆ 42 ದಿನ, ದಣಿವಿಗೆ 7 ದಿನ ಎಂಬ ಕಾಲಾಂಕಗಳನ್ನು ಬಳಸುವುದು ವಾಡಿಕೆ. ಕಾಲಾಂಕವೆಂದರೆ ಒಂದು ಪರಿಣಾಮ ತನ್ನ ಮೂಲದ ಸುಮಾರು 37 ಶೇಕಡಕ್ಕೆ ಇಳಿಯಲು ಹಿಡಿಯುವ ಸಮಯ.

ಐದು ವಾರ ಗಟ್ಟಿಯಾಗಿ ಅಭ್ಯಾಸ ಮಾಡಿದ ವ್ಯಕ್ತಿಯ ಸಾಮರ್ಥ್ಯ 100 ಅಂಕ, ದಣಿವು 40 ಅಂಕ ಎಂದು ಭಾವಿಸಿದರೆ ಅಂದು ಕಾಣುವ ಬಲ 60. ಅವನು ಅಲ್ಲಿಗೇ ನಿಲ್ಲಿಸಿಬಿಟ್ಟರೆ ಒಂದು ವಾರದ ಬಳಿಕ ಸಾಮರ್ಥ್ಯ 85ಕ್ಕೆ, ದಣಿವು 15ಕ್ಕೆ ಇಳಿದಿರುತ್ತದೆ. ಏನೂ ಮಾಡದೆ ಬಲ 70ಕ್ಕೆ ಏರಿದಂತೆ ತೋರುತ್ತದೆ. ಎರಡನೆಯ ವಾರದ ಕೊನೆಗೆ 72ರಿಂದ 5 ಕಳೆದು 67, ಮೂರನೆಯ ವಾರದ ಕೊನೆಗೆ 61ರಿಂದ 2 ಕಳೆದು 59. ಬಿಡುವು ಒಂದು ವಾರವಾದರೆ ಲಾಭ, ಮೂರು ವಾರವಾದರೆ ಆರಂಭಕ್ಕಿಂತಲೂ ಒಂದು ಅಂಕ ಕಡಿಮೆ. ಈ ಅಂಕಗಳು ಕೇವಲ ಲೆಕ್ಕದ ಅನುಕೂಲಕ್ಕಾಗಿ ಇಟ್ಟುಕೊಂಡವು, ನಿಜವಾದ ದೇಹ ಇಷ್ಟು ಅಚ್ಚುಕಟ್ಟಾಗಿ ನಡೆದುಕೊಳ್ಳುವುದಿಲ್ಲ. ಆದರೂ ಹಗುರ ಅವಧಿ ಏಕೆ ಹೆಚ್ಚಾಗಿ ಒಂದು ವಾರಕ್ಕೇ ನಿಲ್ಲುತ್ತದೆ ಎಂಬುದಕ್ಕೆ ಇದಕ್ಕಿಂತ ಸ್ಪಷ್ಟವಾದ ವಿವರಣೆ ಸಿಗುವುದು ಕಷ್ಟ. ಸಂಪೂರ್ಣ ನಿಲ್ಲಿಸುವ ಬದಲು ಸ್ವಲ್ಪ ಕೆಲಸವನ್ನು ಉಳಿಸಿಕೊಂಡರೆ ಸಾಮರ್ಥ್ಯ 85ಕ್ಕೆ ಇಳಿಯುವುದೂ ತಪ್ಪುತ್ತದೆ.

ಉಳಿಸಿಕೊಳ್ಳಬೇಕಾದದ್ದು ಯಾವುದು ಎಂಬುದನ್ನು ಒಂದು ಕಲ್ಪಿತ ಉದಾಹರಣೆಯಿಂದ ನೋಡಬಹುದು. ಮೂರು ವರ್ಷಗಳಿಂದ ಅಭ್ಯಾಸದಲ್ಲಿರುವ ವ್ಯಕ್ತಿಯೊಬ್ಬ ಸ್ಕ್ವಾಟ್ ಅನ್ನು ವಾರಕ್ಕೆ ಎರಡು ದಿನ, ದಿನಕ್ಕೆ 5 ರೆಪ್‌ಗಳ 4 ಸೆಟ್ ಮಾಡುತ್ತಾನೆ ಎಂದುಕೊಳ್ಳೋಣ. ಮೊದಲ ವಾರ ಬಾರ್‌ನಲ್ಲಿ 95 ಕಿಲೋ ಇದ್ದು, ಸೆಟ್ ಮುಗಿದಾಗ ಇನ್ನೂ ಮೂರು ರೆಪ್ ಮಾಡಬಹುದಾದಷ್ಟು ಶಕ್ತಿ ಮಿಕ್ಕಿರುತ್ತದೆ. ಪ್ರತಿವಾರ ಎರಡೂವರೆ ಕಿಲೋ ಏರಿಸುತ್ತ ಹೋಗಿ ನಾಲ್ಕನೆಯ ವಾರ 102.5 ಕಿಲೋ ಮುಟ್ಟಿದಾಗ ಮಿಕ್ಕುವುದು ಒಂದೇ ರೆಪ್. ಐದನೆಯ ವಾರ ತೂಕ ಏರಿಸದೆ ಅಷ್ಟರಲ್ಲೇ ಇದ್ದರೂ ಕೊನೆಯ ಸೆಟ್ ನಾಲ್ಕನೆಯ ರೆಪ್‌ಗೇ ನಿಂತುಹೋಗುತ್ತದೆ, ಮೈ ಬಿಸಿ ಮಾಡಿಕೊಳ್ಳಲೆಂದು ಎತ್ತುವ 80 ಕಿಲೋ ಕೂಡ ಎಂದಿಗಿಂತ ನಿಧಾನವಾಗಿ ಮೇಲೇಳುತ್ತದೆ. ಇಂಥ ಒಂದು ದಿನ ಕಂಡರೆ ಅದು ಕೆಟ್ಟ ನಿದ್ದೆಯ ಫಲವಾಗಿರಬಹುದು. ಸತತ ಎರಡು ಮೂರು ಸಲ ಕಂಡರೆ ಅದು ಕೂಡಿಬಂದ ದಣಿವು.

ಆರನೆಯ ವಾರವನ್ನು ಅವನು ಹಗುರ ಮಾಡಿಕೊಂಡು, 90 ಕಿಲೋದಲ್ಲಿ 5 ರೆಪ್‌ಗಳ 2 ಸೆಟ್ ಮಾತ್ರ ಮಾಡುತ್ತಾನೆ. ನಾಲ್ಕನೆಯ ವಾರ ದಿನವೊಂದಕ್ಕೆ ಎತ್ತಿದ ಒಟ್ಟು ಭಾರ 2,050 ಕಿಲೋ ಆಗಿದ್ದರೆ ಈಗ ಅದು 900 ಕಿಲೋ, ಅಂದರೆ ಅರ್ಧಕ್ಕಿಂತ ಕಡಿಮೆ. ಆದರೆ ಬಾರ್‌ನ ಮೇಲಿನ ತೂಕ ಇಳಿದಿರುವುದು ಸುಮಾರು ಎಂಟರಲ್ಲೊಂದು ಭಾಗ ಮಾತ್ರ. ಇಲ್ಲಿಯೇ ಬಹುಮಂದಿ ತಪ್ಪುವುದು. ಸೆಟ್‌ಗಳನ್ನೆಲ್ಲ ಹಾಗೆಯೇ ಇಟ್ಟುಕೊಂಡು ಬಾರ್‌ನಿಂದ ಪ್ಲೇಟುಗಳನ್ನು ಮಾತ್ರ ಇಳಿಸಿ, 50 ಕಿಲೋದಲ್ಲಿ ಉಸಿರು ಕಟ್ಟುವಷ್ಟು ರೆಪ್ ಮಾಡಿದರೆ ದಣಿವೂ ಇಳಿಯುವುದಿಲ್ಲ, ಭಾರಕ್ಕೆ ಒಗ್ಗಿದ ನರಗಳ ಹಿಡಿತವೂ ಸಡಿಲವಾಗುತ್ತದೆ. ದಣಿವು ಮುಖ್ಯವಾಗಿ ಕೆಲಸದ ಮೊತ್ತದಿಂದ ಬರುತ್ತದೆ, ಬಲದ ಕೌಶಲ ಉಳಿಯುವುದು ತೂಕದಿಂದ. ಹೀಗಾಗಿ ಸೆಟ್‌ಗಳನ್ನು ಧಾರಾಳವಾಗಿ, ತೂಕವನ್ನು ಜಿಪುಣತನದಿಂದ ಇಳಿಸಬೇಕು. ಲೆಕ್ಕ ಸರಿಯಾಗಿದ್ದರೆ ಏಳನೆಯ ವಾರ ಅದೇ 102.5 ಕಿಲೋದ ನಾಲ್ಕೂ ಸೆಟ್‌ಗಳು ಮುಗಿದು ಒಂದೆರಡು ರೆಪ್ ಮಿಕ್ಕಬೇಕು.

ಹಗುರ ವಾರದ ಬಗ್ಗೆ ಪ್ರಚಾರದಲ್ಲಿರುವ ಇನ್ನೊಂದು ಮಾತಿಗೆ, ಅಂದರೆ ಒಂದು ವಾರ ಬಿಟ್ಟರೆ ಸ್ನಾಯು ಮತ್ತೆ ‘ಸಂವೇದನಾಶೀಲ’ವಾಗಿ ಮುಂದೆ ವೇಗವಾಗಿ ಬೆಳೆಯುತ್ತದೆ ಎಂಬುದಕ್ಕೆ, ಆಧಾರ ದುರ್ಬಲ. 2024ರಲ್ಲಿ ಪ್ರಕಟವಾದ ಕೋಲ್ಮನ್ ಮತ್ತು ಸಂಗಡಿಗರ ಅಧ್ಯಯನದಲ್ಲಿ ಅಭ್ಯಾಸವಿದ್ದ 39 ಮಂದಿ ಒಂಬತ್ತು ವಾರಗಳ ತರಬೇತಿ ಪಡೆದರು. ಒಂದು ಗುಂಪು ನಡುವಿನ ವಾರ ಪೂರ್ತಿ ಬಿಡುವು ಪಡೆಯಿತು, ಇನ್ನೊಂದು ಬಿಡದೆ ಮುಂದುವರಿಸಿತು. ಕೊನೆಗೆ ಅಳೆದಾಗ ಸ್ನಾಯುವಿನ ಗಾತ್ರ ಎರಡೂ ಗುಂಪುಗಳಲ್ಲಿ ಒಂದೇ ರೀತಿ ಬೆಳೆದಿತ್ತು, ಕಾಲಿನ ಬಲದಲ್ಲಿ ಮಾತ್ರ ಬಿಡದೆ ಮಾಡಿದವರು ತುಸು ಮುಂದಿದ್ದರು. ಇದನ್ನು ಹಗುರ ವಾರವೇ ವ್ಯರ್ಥ ಎಂದು ಓದಿದವರೂ ಇದ್ದಾರೆ, ಆದರೆ ಆ ಗುಂಪು ಮಾಡಿದ್ದು ಪೂರ್ಣ ನಿಲುಗಡೆ, ಮೇಲಿನ ಉದಾಹರಣೆಯಂಥ ಹಗುರ ಕೆಲಸವಲ್ಲ. ಅಲ್ಲದೆ ಬಿಡುವು ದೊರೆತದ್ದು ದಣಿವಿನ ಲಕ್ಷಣ ಕಂಡಾಗಲ್ಲ, ವೇಳಾಪಟ್ಟಿಯ ಪ್ರಕಾರ. ಹಗುರ ವಾರ ಸ್ನಾಯುವನ್ನು ಬೆಳೆಸುವ ಉಪಾಯವಲ್ಲ, ಒಂದು ವಾರ ಬಿಟ್ಟಮಾತ್ರಕ್ಕೆ ಸ್ನಾಯು ಕರಗುವುದೂ ಇಲ್ಲ ಎಂಬಷ್ಟನ್ನು ಮಾತ್ರ ಅದರಿಂದ ಧೈರ್ಯವಾಗಿ ಹೇಳಬಹುದು.

ಹಾಗಾದರೆ ಎಷ್ಟು ವಾರಗಳಿಗೊಮ್ಮೆ? ಬಲಪ್ರಧಾನ ಕ್ರೀಡೆಗಳ 246 ಆಟಗಾರರ ಸಮೀಕ್ಷೆಯೊಂದು 2024ರಲ್ಲಿ ಪ್ರಕಟವಾಗಿದ್ದು, ಅದರ ಪ್ರಕಾರ ಅವರು ಸರಾಸರಿ ಐದೂವರೆ ವಾರಗಳಿಗೊಮ್ಮೆ, ಸುಮಾರು ಆರು ದಿನಗಳ ಹಗುರ ಅವಧಿಯನ್ನು ಇಟ್ಟುಕೊಳ್ಳುತ್ತಾರೆ. ಇದು ರೂಢಿಯ ಚಿತ್ರವೇ ಹೊರತು ನಿಯಮವಲ್ಲ. ಪ್ರತಿ ಸೆಟ್‌ನಲ್ಲೂ ನಾಲ್ಕೈದು ರೆಪ್ ಮಿಗಿಸಿಯೇ ನಿಲ್ಲಿಸುವವರಿಗೆ, ಹಬ್ಬ, ಮದುವೆ, ಪ್ರಯಾಣಗಳಿಂದಾಗಿ ತಿಂಗಳಿಗೆ ನಾಲ್ಕೈದು ದಿನ ಜಿಮ್ ತಪ್ಪಿಸುವವರಿಗೆ, ಮೊದಲ ಕೆಲವು ತಿಂಗಳ ಹೊಸಬರಿಗೆ ಬೇರೆ ಹಗುರ ವಾರದ ಅಗತ್ಯವೇ ಬೀಳದಿರಬಹುದು, ಏಕೆಂದರೆ ಕರಗಿಸಬೇಕಾದಷ್ಟು ದಣಿವು ಅವರಲ್ಲಿ ಕೂಡಿರುವುದಿಲ್ಲ. ಮಿತಿಯ ಅಂಚಿನಲ್ಲಿ ವರ್ಷವಿಡೀ ಕೆಲಸ ಮಾಡುವವರಿಗೆ, ಐವತ್ತು ದಾಟಿದವರಿಗೆ, ತೂಕ ಇಳಿಸಲೆಂದು ಊಟ ಕಡಿಮೆ ಮಾಡಿರುವವರಿಗೆ ಅದು ಬೇಗನೆ ಬೇಕಾಗುತ್ತದೆ.

ಹಗುರ ವಾರ ಮುಗಿದ ಮೇಲೂ ಎರಡು ಮೂರು ವಾರ ಬಲ ಹಿಂದಿನ ಮಟ್ಟಕ್ಕೆ ಬಾರದೆ, ನಿದ್ದೆ ಕೆಟ್ಟು, ಹಸಿವು ಕುಗ್ಗಿ, ಬೆಳಗಿನ ನಾಡಿಬಡಿತ ವಾಡಿಕೆಗಿಂತ ಏರಿಯೇ ಇದ್ದರೆ ಅದನ್ನು ಇನ್ನೊಂದು ಹಗುರ ವಾರದಿಂದ ಸರಿಪಡಿಸಲು ಹೊರಡಬಾರದು. ಕೇವಲ ಭಾರ ಎತ್ತುವುದರಿಂದಲೇ ದೇಹ ಹೀಗೆ ದೀರ್ಘಕಾಲ ಕುಸಿಯುವುದು ಅಪರೂಪ. ರಕ್ತಹೀನತೆ, ಥೈರಾಯಿಡ್ ತೊಂದರೆ ಅಥವಾ ಊಟದ ದೀರ್ಘ ಕೊರತೆ ಹಿಂದಿರುವ ಸಾಧ್ಯತೆಯೇ ಹೆಚ್ಚು. ಅಂಥವರು ಜಿಮ್ ತರಬೇತುದಾರರನ್ನು ಕೇಳುವ ಮೊದಲು ವೈದ್ಯರನ್ನು ಕಂಡು ರಕ್ತಪರೀಕ್ಷೆ ಮಾಡಿಸಿಕೊಳ್ಳಬೇಕು.