ತೊಳೆದ ಮೇಲೆ ಬದಲಾದ ಮಣ್ಣಿನ ಹೆಸರು

ಕೋಲಾರ, ಬೆಂಗಳೂರು ಗ್ರಾಮಾಂತರದ ಕಡೆ ತಡೆಗೋಡೆ ಕಟ್ಟಿದ ಮೇಲೆ ಅದರ ಹಿಂಬದಿಯನ್ನು ಅಲ್ಲೇ ಅಗೆದ ಕೆಂಪು ಮಣ್ಣಿನಿಂದ ತುಂಬುವುದುಂಟು. ಕೈಗೆ ಅದು ಒರಟು ಮರಳಿನಂತೆಯೇ ಸಿಗುತ್ತದೆ. ನಿಜಕ್ಕೂ ಮರಳಾದರೆ ಮಳೆನೀರು ಇಳಿದುಹೋಗುತ್ತದೆ. ನುಣುಪು ಮಣ್ಣು ಹೆಚ್ಚಿದ್ದರೆ ನೀರು ಒಳಗೇ ನಿಂತು ಗೋಡೆಯನ್ನು ಹೊರಕ್ಕೆ ತಳ್ಳುತ್ತದೆ. ಯಾವುದೆಂದು ತೀರ್ಮಾನಿಸಲು ಮಾಡಿಸುವ ಮೊದಲ ಪರೀಕ್ಷೆಯೇ ಜರಡಿ ವಿಶ್ಲೇಷಣೆ. ಅದರ ವರದಿಯಲ್ಲಿ ಒಂದು ಪಟ್ಟಿ, ಒಂದು ಗೆರೆಚಿತ್ರ, ಕೊನೆಗೆ ಮಣ್ಣಿಗೊಂದು ಹೆಸರು ಇರುತ್ತದೆ.

ಐಎಸ್ 2720ರ 4ನೇ ಭಾಗ ಇದರ ವಿಧಾನವನ್ನು ಹೇಳುತ್ತದೆ. ನಮ್ಮ ಉದಾಹರಣೆಗೆ ಓವನ್‌ನಲ್ಲಿ 105ರಿಂದ 110 ಡಿಗ್ರಿ ಸೆಲ್ಸಿಯಸ್‌ನಲ್ಲಿ ಒಣಗಿಸಿದ 500 ಗ್ರಾಂ ಮಣ್ಣು ತೆಗೆದುಕೊಳ್ಳೋಣ. ಜರಡಿಗಳನ್ನು ದೊಡ್ಡ ಕಣ್ಣಿನದು ಮೇಲೆ, ಸಣ್ಣದು ಕೆಳಗೆ ಬರುವಂತೆ ಪೇರಿಸುತ್ತಾರೆ: 4.75 ಮಿ.ಮೀ., 2 ಮಿ.ಮೀ., 425 ಮೈಕ್ರಾನ್, 75 ಮೈಕ್ರಾನ್, ಅಡಿಯಲ್ಲಿ ತಟ್ಟೆ. 4.75 ಮಿ.ಮೀ. ಮೇಲೆ ಉಳಿದದ್ದು ಜಲ್ಲಿ, ಅಲ್ಲಿಂದ 75 ಮೈಕ್ರಾನ್‌ವರೆಗಿನದು ಮರಳು, ಅದಕ್ಕಿಂತ ಸಣ್ಣದು ಹೂಳು ಅಥವಾ ಜೇಡಿ. ಅಲುಗಾಡಿಸಿ ಪ್ರತಿ ಜರಡಿಯಲ್ಲಿ ಉಳಿದದ್ದನ್ನು ತೂಗಿದರೆ, ಎಷ್ಟು ಪಾಲು ಕೆಳಗಿಳಿಯಿತು ಎಂಬ ಲೆಕ್ಕ ಸಿಗುತ್ತದೆ.

ಮಣ್ಣನ್ನು ಒಣಗಿದ್ದಂತೆಯೇ ಜರಡಿ ಹಿಡಿದಾಗ 2 ಮಿ.ಮೀ.ಯಿಂದ ಶೇ. 70, 425 ಮೈಕ್ರಾನ್‌ನಿಂದ ಶೇ. 30, 75 ಮೈಕ್ರಾನ್‌ನಿಂದ ಬರೀ ಶೇ. 4 ಇಳಿಯಿತು ಎನ್ನೋಣ. ಇದನ್ನು ಚಿತ್ರಿಸುವಾಗ ಅಡ್ಡಗೆರೆಯಲ್ಲಿ ಕಣದ ಗಾತ್ರ, ಲಂಬಗೆರೆಯಲ್ಲಿ ಇಳಿದ ಶೇಕಡಾವಾರು. ಅತಿ ದೊಡ್ಡ ಜರಡಿಯ ಕಣ್ಣು ಅತಿ ಸಣ್ಣದರ 63 ಪಟ್ಟು ಇರುವುದರಿಂದ ಅಡ್ಡಗೆರೆಗೆ ಲಾಗ್ ಅಳತೆ ಬಳಸುತ್ತಾರೆ. ಸಾಮಾನ್ಯ ಅಳತೆಯಲ್ಲಿ ಸಣ್ಣ ಕಣಗಳೆಲ್ಲ ಒಂದು ಮೂಲೆಯಲ್ಲಿ ಒತ್ತಿಕೊಂಡು ಕಾಣದಾಗುತ್ತವೆ.

ಈ ಗೆರೆಯಿಂದ ಮೂರು ಗಾತ್ರಗಳನ್ನು ಓದಬೇಕು. ಶೇ. 10ರಷ್ಟು ಮಣ್ಣು ಯಾವ ಗಾತ್ರಕ್ಕಿಂತ ಸಣ್ಣದೋ ಅದು ಡಿ10. ಡಿ30, ಡಿ60 ಕೂಡ ಹಾಗೆಯೇ. ಇಲ್ಲಿ ಅವು ಸುಮಾರು 0.11, 0.43, 1.36 ಮಿ.ಮೀ. ಡಿ60 ಅನ್ನು ಡಿ10ರಿಂದ ಭಾಗಿಸಿದರೆ ಸುಮಾರು 12 ಬರುತ್ತದೆ; ಇದು ಗಾತ್ರಗಳ ಹರವು. ಡಿ30ರ ವರ್ಗವನ್ನು ಉಳಿದೆರಡರ ಗುಣಲಬ್ಧದಿಂದ ಭಾಗಿಸಿದರೆ ಸುಮಾರು 1.2, ಇದು ಗೆರೆಯ ಬಾಗು. ಐಎಸ್ 1498ರ ಪ್ರಕಾರ ನುಣುಪು ಕಣ ಶೇ. 5ಕ್ಕಿಂತ ಕಡಿಮೆ, ಹರವು 6ಕ್ಕಿಂತ ಹೆಚ್ಚು, ಬಾಗು 1ರಿಂದ 3ರೊಳಗಿದ್ದರೆ ಅದು ಎಸ್‌ಡಬ್ಲ್ಯು, ಅಂದರೆ ಎಲ್ಲ ಗಾತ್ರದ ಕಣಗಳೂ ಹದವಾಗಿ ಬೆರೆತ ಮರಳು. ಗೋಡೆಯ ಹಿಂದೆ ತುಂಬಲು ಇದಕ್ಕಿಂತ ಒಳ್ಳೆಯದು ಬೇಕಿಲ್ಲ.

ಆದರೆ ಈ ಫಲಿತಾಂಶವನ್ನು ನಂಬುವಂತಿಲ್ಲ. ಕೆಂಪು ಮಣ್ಣಿನ ಜೇಡಿ ಒಣಗಿದಾಗ ಮರಳಿನ ಕಣಗಳಿಗೆ ಲೇಪದಂತೆ ಅಂಟುತ್ತದೆ, ತಾನೇ ಸಣ್ಣ ಉಂಡೆಗಳೂ ಆಗುತ್ತದೆ. ಜರಡಿಯ ಪಾಲಿಗೆ ಆ ಉಂಡೆಯೂ ಮರಳೇ. 2 ಮಿ.ಮೀ. ಜರಡಿಯಲ್ಲಿ ಉಳಿದ ಕೆಲವು ಕಣಗಳನ್ನು ಒದ್ದೆ ಬೆರಳುಗಳ ನಡುವೆ ಹೊಸಕಿ ನೋಡಿ. ಕೆಸರಾದರೆ ಅದು ಮರಳಲ್ಲ.

ಹಾಗಾಗಿ ಇನ್ನೊಂದು 500 ಗ್ರಾಂ ಮಣ್ಣನ್ನು ಸೋಡಿಯಂ ಹೆಕ್ಸಾಮೆಟಾಫಾಸ್ಫೇಟ್ ಬೆರೆಸಿದ ನೀರಿನಲ್ಲಿ ನೆನೆಸಿ, 75 ಮೈಕ್ರಾನ್ ಜರಡಿಯ ಮೇಲೆ ನೀರು ತಿಳಿಯಾಗುವವರೆಗೆ ತೊಳೆಯಬೇಕು. ಆ ರಾಸಾಯನಿಕ ಜೇಡಿ ಕಣಗಳನ್ನು ಬಿಡಿಸುತ್ತದೆ. ಬಲೆಯನ್ನು ಕೈಯಿಂದ ಉಜ್ಜಬಾರದು. ಅದು ಹರಿದರೆ ಆಮೇಲೆ ತಟ್ಟೆಯಲ್ಲಿ ಕಣ್ಣಿಗೆ ಕಾಣುವಷ್ಟು ದಪ್ಪ ಮರಳು ಬೀಳತೊಡಗುತ್ತದೆ, ಹರಿದಿರುವುದು ಹಾಗೆಯೇ ಗೊತ್ತಾಗುವುದು.

ತೊಳೆದು ಒಣಗಿಸಿದ ಮೇಲೆ 410 ಗ್ರಾಂ ಉಳಿಯಿತು. ಜರಡಿ ಹಿಡಿದಾಗ ಮೇಲಿನಿಂದ ಕೆಳಕ್ಕೆ 30, 75, 180, 115 ಗ್ರಾಂ, ತಟ್ಟೆಯಲ್ಲಿ 10 ಗ್ರಾಂ. ಕೂಡಿದರೆ 410 ಸರಿಹೊಂದುತ್ತದೆ. ಒಂದೆರಡು ಗ್ರಾಂ ಕಡಿಮೆಯಾದರೆ ಧೂಳಾಗಿ ಹೋಗಿರಬಹುದು. ಹೆಚ್ಚಾದರೆ ಹಿಂದಿನ ಮಾದರಿಯ ಕಣಗಳು ಬಲೆಯಲ್ಲಿ ಸಿಕ್ಕಿಕೊಂಡಿದ್ದವೇ ಎಂದು ನೋಡಬೇಕು. ಇಲ್ಲೇ ಹಲವರು ಎಡವುವುದು: ಶೇಕಡಾವಾರನ್ನು 410ರಿಂದಲ್ಲ, ಮೂಲ 500ರಿಂದ ಲೆಕ್ಕಹಾಕಬೇಕು. ತೊಳೆದುಹೋದ 90 ಮತ್ತು ತಟ್ಟೆಯ 10 ಸೇರಿ 100 ಗ್ರಾಂ, ಅಂದರೆ ಶೇ. 20 ನುಣುಪು ಕಣ. ಜಲ್ಲಿ ಶೇ. 6, ಮರಳು ಶೇ. 74.

ಈಗ ಗೆರೆ 75 ಮೈಕ್ರಾನ್‌ನಲ್ಲಿ ಶೇ. 20ಕ್ಕೇ ನಿಲ್ಲುತ್ತದೆ. ಶೇ. 10ರವರೆಗೆ ಅದು ಇಳಿಯದ ಕಾರಣ ಡಿ10 ಓದಲು ಸಾಧ್ಯವಿಲ್ಲ. ಗೆರೆಯನ್ನು ಊಹೆಯಿಂದ ಮುಂದುವರಿಸುವುದು ತಪ್ಪು. ಅಲ್ಲಿಂದಾಚೆಗೆ ಹೈಡ್ರೋಮೀಟರ್ ಪರೀಕ್ಷೆಯೇ ಆಗಬೇಕು. ಹೆಸರಿಡಲು ಮಾತ್ರ ಡಿ10 ಬೇಕಿಲ್ಲ. ನುಣುಪು ಕಣ ಶೇ. 12 ದಾಟಿದ ಮರಳಿಗೆ ಹರವು, ಬಾಗುಗಳ ಲೆಕ್ಕ ಅನ್ವಯಿಸುವುದಿಲ್ಲ. ಅದು ಹೂಳುಮಿಶ್ರಿತ ಎಸ್‌ಎಂ ಆಗಿರಬೇಕು, ಇಲ್ಲವೇ ಜೇಡಿಮಿಶ್ರಿತ ಎಸ್‌ಸಿ. ಎರಡರಲ್ಲಿ ಯಾವುದೆಂದು ಜರಡಿ ಹೇಳಲಾರದು. 425 ಮೈಕ್ರಾನ್‌ನಿಂದ ಇಳಿದ ಮಣ್ಣಿನ ದ್ರವಮಿತಿ ಮತ್ತು ಸುನಮ್ಯಮಿತಿ ಅಳೆದ ಮೇಲೆಯೇ ಅದು ಗೊತ್ತಾಗುತ್ತದೆ.

ಆದ್ದರಿಂದ ಈ ಮಣ್ಣಿನ ಸರಿಯಾದ ವರದಿ ಹೀಗಿರಬೇಕು: ಒಣ ತೂಕ 500 ಗ್ರಾಂ, ತೊಳೆದು ಜರಡಿ ಹಿಡಿದದ್ದು, ಜಲ್ಲಿ 6, ಮರಳು 74, ನುಣುಪು ಕಣ ಶೇ. 20, ಡಿ10 ಲಭ್ಯವಿಲ್ಲ, ವರ್ಗ ಎಸ್‌ಎಂ ಅಥವಾ ಎಸ್‌ಸಿ, ಸುನಮ್ಯತೆಯ ಪರೀಕ್ಷೆ ಬಾಕಿ. ನಿಮ್ಮ ಕೈಗೆ ಬಂದ ವರದಿಯಲ್ಲಿ ತೊಳೆದದ್ದರ ಉಲ್ಲೇಖವೇ ಇಲ್ಲದೆ ಕೆಂಪು ಮಣ್ಣಿಗೆ ಎಸ್‌ಡಬ್ಲ್ಯು ಎಂದು ಬರೆದಿದ್ದರೆ, ಲಾರಿಯಿಂದ ಮಣ್ಣು ಸುರಿಸುವ ಮುನ್ನ ಪರೀಕ್ಷೆಯನ್ನು ಮತ್ತೆ ಮಾಡಿಸಿ.