ಓದದೆ ಉಳಿದ ಸಿಡಿಲಿನ ಎಚ್ಚರಿಕೆಯನ್ನು ಮೂರು ದಾರಿಗಳಲ್ಲಿ ಮುಟ್ಟಿಸುವ ಕ್ರಮ

ಏಪ್ರಿಲ್ ಮೇ ತಿಂಗಳುಗಳಲ್ಲಿ ಹೊತ್ತು ಇಳಿದ ಮೇಲೆ ಬೇತಮಂಗಲದ ಸುತ್ತಮುತ್ತ ಗುಡುಗು ಮಳೆ ಏಳುವುದುಂಟು. ಟೊಮೆಟೊ ಬಿಡಿಸುವವರೂ, ಪಾಲಾರಿನ ಕೆರೆಯ ಬಯಲಿನಲ್ಲಿ ದನ ಮೇಯಿಸುವವರೂ ಆಗ ಮನೆಯಿಂದ ದೂರವಿರುತ್ತಾರೆ. ಹತ್ತಿರದಲ್ಲಿ ಸಿಡಿಲು ಹೊಡೆಯುತ್ತಿರುವುದನ್ನು ತಿಳಿಸಲು ಪುಣೆಯ ಉಷ್ಣವಲಯ ಪವನವಿಜ್ಞಾನ ಸಂಸ್ಥೆಯವರ ‘ದಾಮಿನಿ’ಯಂತಹ ಆ್ಯಪುಗಳಿವೆ. ಆದರೆ ಜೇಬಿನಲ್ಲಿ ಬಂದು ಬಿದ್ದ ಸೂಚನೆಯನ್ನು ಓದದಿದ್ದವನಿಗೆ ಅದು ಬಾರದುದಕ್ಕೆ ಸಮಾನವೇ ಸರಿ. ಆದುದರಿಂದ ಗ್ರಾಮ ಪಂಚಾಯತಿಯಾಗಲಿ ರೈತರ ಸಂಘವಾಗಲಿ ತಮ್ಮವರಿಗೆ ಎಚ್ಚರಿಕೆ ಕಳುಹಿಸುವ ಏರ್ಪಾಟನ್ನು ಮಾಡಿಕೊಳ್ಳುವುದಾದರೆ, ಅದರ ಕ್ರಮ ಹೇಗಿರತಕ್ಕದ್ದೆಂಬುದನ್ನು ಇಲ್ಲಿ ವಿವರಿಸಲಾಗಿದೆ.

ಮೊದಲು ಪುಷ್ ಸೂಚನೆ, ಅದನ್ನು ಓದದಿದ್ದರೆ ಎಸ್ಸೆಮ್ಮೆಸ್, ಅದಕ್ಕೂ ಉತ್ತರವಿಲ್ಲದಿದ್ದರೆ ಫೋನ್ ಕರೆ, ಹೀಗೆ ಮೂರು ಮೆಟ್ಟಿಲುಗಳು. ಪುಷ್ ಸೂಚನೆಗೆ ಖರ್ಚು ಕಡಿಮೆ, ಆದರೆ ಇಂಟರ್ನೆಟ್ ಬೇಕು. ಎಸ್ಸೆಮ್ಮೆಸ್ಸಿಗೆ ಇಂಟರ್ನೆಟ್ ಬೇಡ, ಸಿಗ್ನಲ್ ಇದ್ದರೆ ಸಾಕು. ಕರೆಗೆ ಖರ್ಚು ಹೆಚ್ಚು, ಆದರೆ ಓದಲು ಬಾರದವರಿಗೂ ಅದು ಕೇಳಿಸುತ್ತದೆ.

ಒಂದು ಉದಾಹರಣೆಯನ್ನು ತೆಗೆದುಕೊಳ್ಳೋಣ. ಸಂಜೆ 4 ಗಂಟೆಗೆ ಎಚ್ಚರಿಕೆ ಹೊರಟಿತು, ಅದು 4.45ರವರೆಗೆ ಮಾತ್ರ ಸಾರ್ಥಕ. 4ಕ್ಕೆ ಪುಷ್ ಸೂಚನೆ ಹೋಗುತ್ತದೆ. ಮೂರು ನಿಮಿಷಗಳಲ್ಲಿ ಓದಿದ ಗುರುತು ಬಾರದಿದ್ದರೆ 4.03ಕ್ಕೆ ಎಸ್ಸೆಮ್ಮೆಸ್. ಮತ್ತೆ ನಾಲ್ಕು ನಿಮಿಷ ಕಾದು 4.07ಕ್ಕೆ ಕರೆ, ಎತ್ತದಿದ್ದರೆ 4.10ಕ್ಕೆ ಇನ್ನೊಂದು ಕರೆ. ಪ್ರತಿಯೊಂದು ಮೆಟ್ಟಿಲನ್ನು ಹತ್ತುವ ಮುನ್ನ ಯಂತ್ರವು ಎರಡು ಸಂಗತಿಗಳನ್ನು ನೋಡತಕ್ಕದ್ದು: ಆ ವ್ಯಕ್ತಿ ಈಗಾಗಲೇ ಓದಿರುವನೇ, ಎಚ್ಚರಿಕೆಯ ಅವಧಿ ಮುಗಿದಿದೆಯೇ? ಇವುಗಳಲ್ಲಿ ಒಂದಕ್ಕೆ ಹೌದೆಂಬ ಉತ್ತರ ಬಂದರೂ ಅಲ್ಲಿಗೇ ನಿಲ್ಲಬೇಕು. ನಿಲ್ಲದೆ ಓದಿದವರಿಗೂ ಕರೆ ಬರುತ್ತಿದ್ದರೆ, ಮುಂದಿನ ಸಲ ಅವರು ಕರೆಯನ್ನೇ ಎತ್ತುವುದಿಲ್ಲ.

ಈ ಏರ್ಪಾಟು ಕೆಡುವುದು ಬಹುಮಟ್ಟಿಗೆ ‘ತಲುಪಿತು’ ಎಂಬುದನ್ನು ‘ಓದಲಾಯಿತು’ ಎಂದು ಎಣಿಸುವುದರಿಂದ. ಪುಷ್ ಸೇವೆಯವರು ಸೂಚನೆಯನ್ನು ಸ್ವೀಕರಿಸಿದೆವೆಂದು ಹೇಳಿದರೆ, ಅದು ಅವರ ಕೈ ಸೇರಿತೆಂದಷ್ಟೇ ಅರ್ಥ. ಎಸ್ಸೆಮ್ಮೆಸ್ಸಿನ ತಲುಪಿದ ವರದಿಯೂ ಅದು ಫೋನನ್ನು ಮುಟ್ಟಿತೆಂದು ಹೇಳುವುದೇ ಹೊರತು ಕಣ್ಣನ್ನು ಮುಟ್ಟಿತೆಂದಲ್ಲ. ಕರೆಯನ್ನು ಮಗುವೇ ಎತ್ತಿರಬಹುದು. ಆದಕಾರಣ ಮನುಷ್ಯನೇ ಕೊಟ್ಟ ಗುರುತನ್ನು ಮಾತ್ರ ಲೆಕ್ಕಕ್ಕೆ ಹಿಡಿಯತಕ್ಕದ್ದು: ಆ್ಯಪಿನಲ್ಲಿ ‘ತಿಳಿಯಿತು’ ಎಂಬ ಗುಂಡಿ, ಎಸ್ಸೆಮ್ಮೆಸ್ಸಿಗೆ ಒಂದು ಮಿಸ್ಡ್ ಕಾಲ್, ಕರೆಯಲ್ಲಿ 1ನ್ನು ಒತ್ತುವುದು. ಮಿಸ್ಡ್ ಕಾಲಿಗೆ ರೈತನಿಗೆ ಕಾಸಿನ ಖರ್ಚಿಲ್ಲ. ಬಂದ ಸಂಖ್ಯೆಯಿಂದಲೇ ಯಾರು ಓದಿದರೆಂದು ತಿಳಿಯುತ್ತದೆ.

ಎರಡನೆಯ ತಪ್ಪು ಹಳಸಿದ ಎಚ್ಚರಿಕೆ. ಗೂಗಲ್ಲಿನವರ ಪುಷ್ ಸೇವೆಯಲ್ಲಿ ಅವಧಿಯನ್ನು ಗೊತ್ತುಮಾಡದಿದ್ದರೆ, ಇಂಟರ್ನೆಟ್ಟಿಲ್ಲದ ಫೋನಿಗೆ ಹೋಗಬೇಕಾದ ಸೂಚನೆಯು 4 ವಾರಗಳವರೆಗೂ ಕಾದಿದ್ದು, ಸಂಪರ್ಕ ಬಂದೊಡನೆ ಮುಟ್ಟಬಹುದು. ಸೋಮವಾರದ ಸಿಡಿಲಿನ ಸುದ್ದಿ ಬುಧವಾರದ ಬಿಸಿಲಿನಲ್ಲಿ ಬಂದರೆ ಆಮೇಲೆ ಅದನ್ನು ನಂಬುವವರಾರು? ನಮ್ಮ ಉದಾಹರಣೆಯ 45 ನಿಮಿಷಗಳಿಗೆ `"ttl": "2700s"` ಎಂದೂ, ಮಲಗಿರುವ ಫೋನನ್ನು ಎಬ್ಬಿಸಲು `"priority": "high"` ಎಂದೂ ನಮೂದಿಸುವಂತೆ ಏರ್ಪಾಟು ಮಾಡುವವರಿಗೆ ತಿಳಿಸಬೇಕು.

ಎಸ್ಸೆಮ್ಮೆಸ್ಸಿನ ಒಕ್ಕಣೆಯನ್ನು ಮೊದಲೇ ನೋಂದಾಯಿಸದೆ ಕಳುಹಿಸಲಾಗದು. ಆದುದರಿಂದ ಊರು ಮತ್ತು ವೇಳೆಗೆ ಸ್ಥಳ ಬಿಟ್ಟು ಅದನ್ನು ಮಳೆಗಾಲಕ್ಕೆ ಮುಂಚೆಯೇ ನೋಂದಾಯಿಸಿರಬೇಕು. ಕನ್ನಡದ ಎಸ್ಸೆಮ್ಮೆಸ್ ಒಂದರಲ್ಲಿ 70 ಚಿಹ್ನೆಗಳಿಗೆ ಮಾತ್ರ ಎಡೆಯುಂಟು. ಗುಣಿತವೂ ಒತ್ತೂ ಬೇರೆಬೇರೆಯಾಗಿ ಎಣಿಕೆಗೆ ಬರುತ್ತವೆ. ‘ಬೇತಮಂಗಲ: ಸಂಜೆ 4.45ರವರೆಗೆ ಸಿಡಿಲು. ಮರ ಬಿಟ್ಟು ಮನೆ ಸೇರಿ.’ ಎಂಬುದು 52 ಆಗುತ್ತದೆ. ಉಳಿದುದರಲ್ಲಿ ಮಿಸ್ಡ್ ಕಾಲಿನ ಹತ್ತಂಕಿಯ ಸಂಖ್ಯೆ ಹಿಡಿಸುತ್ತದೆ.

ಫೋನೇ ಆರಿಹೋಗಿದ್ದರೆ ಈ ಮೂರು ದಾರಿಗಳೂ ಮುಚ್ಚಿದಂತೆಯೇ. ಗುಡುಗು ಕೇಳಿದೊಡನೆ ಮೊಬೈಲು ಸಿಡಿಲನ್ನು ಸೆಳೆಯುವುದೆಂದು ಹೆದರಿ ಅದನ್ನು ಆರಿಸುವವರುಂಟು. ಇದು ಸರಿಯಲ್ಲ. ಮೊಬೈಲು ಸಿಡಿಲನ್ನು ಸೆಳೆಯುವುದಿಲ್ಲ. ಚಾರ್ಜಿಗೆ ಹಾಕಿದ ಫೋನನ್ನೂ ತಂತಿಯ ಫೋನನ್ನೂ ಮಾತ್ರ ಆಗ ಮುಟ್ಟಬಾರದು. ಆದರೂ ಎರಡನೆಯ ಕರೆಗೂ ಉತ್ತರ ಬಾರದವರ ಪಟ್ಟಿ 4.12ರ ಹೊತ್ತಿಗೆ ಆ ಊರಿನ ಮುಖಂಡರಿಗೆ ತಲುಪುವಂತಿರಬೇಕು. ಅವರು ಪಕ್ಕದ ಹೊಲದವರಿಗೋ ಮನೆಯ ಇನ್ನೊಬ್ಬರಿಗೋ ಫೋನಿನಲ್ಲಿಯೇ ಹೇಳಿ ಕೂಗಿಸಬೇಕು. ಯಾರನ್ನೂ ಬಯಲಿಗೆ ಓಡಿಸಬಾರದು. ಇದಕ್ಕಾಗಿ ಪ್ರತಿ ಹಿಡುವಳಿದಾರನ ಹೆಸರಿನ ಮುಂದೆ ಎರಡನೆಯ ಸಂಖ್ಯೆಯೊಂದನ್ನು ಬರೆದಿಡುವುದು ಅವಶ್ಯಕ.

ಮಾರ್ಚಿ ತಿಂಗಳಿನಲ್ಲಿ ಒಂದು ದಿನ, ‘ಇದು ಪರೀಕ್ಷೆ’ ಎಂದು ಮೊದಲೇ ಸಾರಿ, ಈ ಸರಪಣಿಯನ್ನು ಪೂರ್ತಿಯಾಗಿ ನಡೆಸಿ ನೋಡುವುದು. ಯಾರು ಯಾವ ಮೆಟ್ಟಿಲಿನಲ್ಲಿ ಉತ್ತರ ಕೊಟ್ಟರೆಂಬ ಪಟ್ಟಿಯನ್ನು ಇಟ್ಟುಕೊಂಡರೆ, ಸಂಖ್ಯೆ ಬದಲಾದವರೂ ಆ್ಯಪಿನ ಸೂಚನೆಗೆ ಅನುಮತಿ ಕೊಡದವರೂ ಅದರಿಂದಲೇ ಹೊರಬೀಳುತ್ತಾರೆ.